1,120 ಚದರ ಅಡಿಯ ಫ್ಲ್ಯಾಟಿನೊಳಗೆ 710 ಅಡಿ

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಯಾವ ಅಪಾರ್ಟ್‌ಮೆಂಟಿನ ಬ್ರೋಷರ್ ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಎರಡು ಸಂಖ್ಯೆ. ಒಂದು ಫ್ಲ್ಯಾಟಿನ ವಿಸ್ತೀರ್ಣ, ಇನ್ನೊಂದು ಚದರ ಅಡಿಯ ದರ. "2 ಬಿಎಚ್‌ಕೆ, 1,120 ಚದರ ಅಡಿ, ಚದರ ಅಡಿಗೆ ₹7,500" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಎರಡನ್ನೂ ಗುಣಿಸಿದರೆ ₹84 ಲಕ್ಷ. ಆ 1,120ರ ಪಕ್ಕದಲ್ಲೋ ಪುಟದ ಅಡಿಯಲ್ಲೋ ಸಣ್ಣಕ್ಷರದಲ್ಲಿ "ಸೂಪರ್ ಬಿಲ್ಟ್‌ಅಪ್ ಏರಿಯಾ" ಅಂತ ಇರುತ್ತದೆ. ಅದೇ ಕಟ್ಟಡದ ಇನ್ನೊಂದು ಕಾಗದದಲ್ಲಿ, ಬಹುಶಃ ಕೊನೆಯ ಪುಟದ ಕೋಷ್ಟಕದಲ್ಲಿ, ಇದೇ ಫ್ಲ್ಯಾಟಿನ ಎದುರು "ಕಾರ್ಪೆಟ್ ಏರಿಯಾ 710" ಎಂದಿರುತ್ತದೆ. ಫ್ಲ್ಯಾಟು ಒಂದೇ, ಅಳತೆ ಎರಡು. ನಡುವಿನ ವ್ಯತ್ಯಾಸ 410 ಚದರ ಅಡಿ.

ಈ 410 ಎಲ್ಲಿದೆ, ಅದರಲ್ಲಿ ಎಷ್ಟು ನಿಜ, ಎಷ್ಟು ಬರೀ ಲೆಕ್ಕ ಎಂದು ಕೊಳ್ಳುವವರು ಬಿಡಿಸಿ ನೋಡಬೇಕು. ಅದಕ್ಕಾಗಿ ಇಲ್ಲಿ ಒಂದು ಫ್ಲ್ಯಾಟನ್ನು ನಾವೇ ಕಾಗದದ ಮೇಲೆ ಕಟ್ಟಿಕೊಳ್ಳೋಣ. ಇದು ಯಾವ ಬಿಲ್ಡರ್‌ದೂ ಅಲ್ಲ. ಆದರೆ ಅಳತೆಗಳೆಲ್ಲ ನಮ್ಮ ಊರುಗಳ ಎರಡು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ ವಾಡಿಕೆಯಲ್ಲಿರುವವೇ.

ಟೇಪು ಹಿಡಿದು ಬಾಗಿಲಿನಿಂದಲೇ ಶುರು ಮಾಡೋಣ. ಹಾಲ್ ಮತ್ತು ಊಟದ ಜಾಗ ಒಟ್ಟಾಗಿ ಹತ್ತೂವರೆ ಅಡಿ ಅಗಲ, 20 ಅಡಿ ಉದ್ದ. ಅಲ್ಲಿಗೆ 210 ಚದರ ಅಡಿ. ದೊಡ್ಡ ಬೆಡ್‌ರೂಮು 11ಕ್ಕೆ 13, ಅಂದರೆ 143. ಇನ್ನೊಂದು ಬೆಡ್‌ರೂಮು 10ಕ್ಕೆ 12, ಅಂದರೆ 120. ಅಡುಗೆಮನೆ 8ಕ್ಕೆ 10. ಬಚ್ಚಲುಮನೆಗಳು ಎರಡು, ಒಂದೊಂದೂ 5ಕ್ಕೆ 8. ಬಾಗಿಲಿನಿಂದ ಬೆಡ್‌ರೂಮುಗಳಿಗೆ ಹೋಗುವ ಓಣಿ 4ಕ್ಕೆ 11. ಎಲ್ಲವನ್ನೂ ಕೂಡಿದರೆ 677 ಚದರ ಅಡಿ. ಮನೆಯವರು ಓಡಾಡುವ, ಮಂಚ ಹಾಕುವ, ಚಾಪೆ ಹಾಸುವ ನೆಲ ಇಷ್ಟೇ. ಹಿಂದೆಲ್ಲ ಕಾರ್ಪೆಟ್ ಏರಿಯಾ ಎಂದರೆ ಇದೇ ಆಗಿತ್ತು, ಗೋಡೆಯಿಂದ ಗೋಡೆಗೆ ಜಮಖಾನ ಹಾಸಬಹುದಾದ ಜಾಗ.

ಈಗ ಕಾನೂನಿನ ಲೆಕ್ಕ ಸ್ವಲ್ಪ ಬೇರೆ. ರೇರಾ ಎಂದು ಎಲ್ಲರೂ ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆ ಕಾರ್ಪೆಟ್ ಏರಿಯಾಕ್ಕೆ ದೇಶಕ್ಕೆಲ್ಲ ಒಂದೇ ಅರ್ಥ ಕೊಟ್ಟಿತು. ಮನೆಯೊಳಗೆ ಬಳಕೆಗೆ ಸಿಗುವ ನೆಲ, ಅದರ ಜತೆಗೆ ಕೋಣೆ ಕೋಣೆಗಳ ನಡುವೆ ಇರುವ ಒಳಗೋಡೆಗಳು ನಿಂತ ಜಾಗ. ಹೊರಗೋಡೆ ಇದಕ್ಕೆ ಸೇರುವುದಿಲ್ಲ. ನೀರಿನ, ಕೊಳಚೆಯ ಪೈಪುಗಳು ಇಳಿಯುವ ಡಕ್ಟ್ ಸೇರುವುದಿಲ್ಲ. ನಮಗೊಬ್ಬರಿಗೇ ಮೀಸಲಾದ ಬಾಲ್ಕನಿ, ವರಾಂಡ, ತೆರೆದ ಟೆರೇಸುಗಳೂ ಸೇರುವುದಿಲ್ಲ. ನಮ್ಮ ಉದಾಹರಣೆಯ ಫ್ಲ್ಯಾಟಿನಲ್ಲಿ ಒಳಗೋಡೆಗಳು ಒಟ್ಟು 80 ಅಡಿ ಉದ್ದ ಬರುತ್ತವೆ, ಗಿಲಾವು ಸೇರಿ ಐದು ಅಂಗುಲ ದಪ್ಪ. ಅವು ತಿನ್ನುವ ಜಾಗ ಸುಮಾರು 33 ಚದರ ಅಡಿ. 677ಕ್ಕೆ ಅದನ್ನು ಕೂಡಿದರೆ 710. ಬ್ರೋಷರಿನ ಕೊನೆಯ ಪುಟದ ಸಂಖ್ಯೆ ಸಿಕ್ಕಿತು.

ಒಳಗೋಡೆಯನ್ನು ಏಕೆ ಸೇರಿಸಿದರು ಎಂದು ಕೆಲವರು ಕೇಳುತ್ತಾರೆ. ಕೋಣೆಗಳನ್ನು ಹೇಗೆ ವಿಂಗಡಿಸಿದರೂ ಮನೆಯ ಅಳತೆ ಹೆಚ್ಚುಕಡಿಮೆ ಆಗದಿರಲಿ ಎಂಬುದು ಇದರಿಂದ ಆಗುವ ಅನುಕೂಲ. ನಾಳೆ ನೀವು ಹಾಲ್ ಮತ್ತು ಅಡುಗೆಮನೆಯ ನಡುವಿನ ಗೋಡೆ ತೆಗೆಸಿದರೂ 710 ಅಂಕಿ ಹಾಗೇ ಉಳಿಯುತ್ತದೆ. ಆದರೆ ಹಳೆಯ ಅರ್ಥದ ಕಾರ್ಪೆಟ್ಟಿಗೂ ರೇರಾ ಕಾರ್ಪೆಟ್ಟಿಗೂ ಇಷ್ಟು ವ್ಯತ್ಯಾಸ ಇದೆ ಎಂಬುದು ಗಮನದಲ್ಲಿರಬೇಕು. ಹತ್ತು ಹದಿನೈದು ವರ್ಷದ ಹಿಂದಿನ ಫ್ಲ್ಯಾಟಿನ ಕಾಗದದಲ್ಲಿರುವ ಕಾರ್ಪೆಟ್ಟನ್ನು ಹೊಸ ಫ್ಲ್ಯಾಟಿನ ಕಾರ್ಪೆಟ್ಟಿನ ಜತೆ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಮುಂದಕ್ಕೆ ಹೋಗೋಣ. ಹಾಲಿಗೆ ಹೊಂದಿಕೊಂಡ ಬಾಲ್ಕನಿ 5ಕ್ಕೆ 10, ಅಡುಗೆಮನೆಯ ಹಿಂದೆ ಪಾತ್ರೆ ಬಟ್ಟೆ ತೊಳೆಯುವ ಯುಟಿಲಿಟಿ 4ಕ್ಕೆ 7. ಎರಡೂ ಸೇರಿ 78 ಚದರ ಅಡಿ. ಹೊರಗೋಡೆಗಳು 52 ಚದರ ಅಡಿ ತೆಗೆದುಕೊಳ್ಳುತ್ತವೆ ಎಂದುಕೊಳ್ಳಿ. 710ಕ್ಕೆ ಇವೆರಡನ್ನೂ ಕೂಡಿದಾಗ 840 ಆಗುತ್ತದೆ. ಇದು ಬಿಲ್ಟ್‌ಅಪ್ ಏರಿಯಾ. ನಿಮ್ಮ ಮನೆಬಾಗಿಲಿನಿಂದ ಆಚೆ ಕಾಲಿಡದೆ, ಹೊರಗೋಡೆಯನ್ನೂ ಸೇರಿಸಿ, ನಿಮ್ಮದು ಎನ್ನಬಹುದಾದ ಜಾಗ ಇಲ್ಲಿಗೆ ಮುಗಿಯಿತು.

ನಮ್ಮಲ್ಲಿ ಸ್ವಂತ ಮನೆ ಕಟ್ಟಿಸಿದವರಿಗೆ, ಕಟ್ಟಿಸುವುದನ್ನು ನೋಡಿ ಬೆಳೆದವರಿಗೆ ಮನೆಯ ಗಾತ್ರ ತಲೆಯಲ್ಲಿ ಕೂತಿರುವುದು ಚದರದ ಲೆಕ್ಕದಲ್ಲಿ. ನೂರು ಚದರ ಅಡಿಗೆ ಒಂದು ಚದರ. ಮೇಸ್ತ್ರಿ ಹನ್ನೊಂದು ಚದರದ ಮನೆ ಎಂದರೆ ಹೊರಗೋಡೆಯ ಹೊರ ಅಂಚಿನಿಂದ ಅಳೆದು ಹೇಳುತ್ತಾನೆ. ಹಾಸನದಲ್ಲೋ ಶಿವಮೊಗ್ಗದಲ್ಲೋ ಅಂಥ ಮನೆಯಲ್ಲಿದ್ದು, ಮಕ್ಕಳಿಗಾಗಿ ಬೆಂಗಳೂರಲ್ಲಿ ಫ್ಲ್ಯಾಟ್ ನೋಡಲು ಬಂದ ಹಿರಿಯರು 1,120 ಎಂಬ ಅಂಕಿ ಓದಿ "ಹನ್ನೊಂದು ಚದರ, ಸಾಕಲ್ಲ" ಎನ್ನುತ್ತಾರೆ. ಒಳಗೆ ಹೋದಾಗ ಮನೆ ಇಷ್ಟೇನಾ ಅನಿಸುತ್ತದೆ. ಅವರ ಕಣ್ಣು ತಪ್ಪಿಲ್ಲ. ಮೇಸ್ತ್ರಿಯ ಲೆಕ್ಕದಲ್ಲಿ ಈ ಫ್ಲ್ಯಾಟು ಎಂಟೂ ಚಿಲ್ಲರೆ ಚದರ ಮಾತ್ರ.

ಉಳಿದ 280 ಚದರ ಅಡಿ ಬಾಗಿಲಿನ ಆಚೆಗಿದೆ. ಮಹಡಿಯ ಕಾರಿಡಾರು, ಮೆಟ್ಟಿಲು, ಲಿಫ್ಟು, ಕೆಳಗಿನ ಲಾಬಿ, ಸೆಕ್ಯುರಿಟಿ ಕೋಣೆ, ಜನರೇಟರ್ ಮತ್ತು ವಿದ್ಯುತ್ ಪ್ಯಾನೆಲ್ಲಿನ ಕೋಣೆ, ಮೇಲಿನ ನೀರಿನ ಟ್ಯಾಂಕು, ಕ್ಲಬ್‌ಹೌಸು, ಇವನ್ನೆಲ್ಲ ಕೂಡಿಸಿ ಫ್ಲ್ಯಾಟುಗಳ ಗಾತ್ರಕ್ಕೆ ತಕ್ಕಂತೆ ಹಂಚಿದ್ದೇವೆ ಎನ್ನುತ್ತಾರೆ ಮಾರುವವರು. ಬಿಲ್ಟ್‌ಅಪ್ ಮೇಲೆ ಈ ಪಾಲು ಹೇರಿದಾಗ ಬರುವುದೇ ಸೂಪರ್ ಬಿಲ್ಟ್‌ಅಪ್. ಹೇರುವ ಈ ಕ್ರಮಕ್ಕೆ ವ್ಯಾಪಾರದಲ್ಲಿ ಲೋಡಿಂಗ್ ಎಂದು ಹೆಸರು.

ಇದರಲ್ಲಿ ತಪ್ಪೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಲಿಫ್ಟಿಲ್ಲದೆ ಹತ್ತನೇ ಮಹಡಿಯ ಮನೆಗೆ ಬೆಲೆಯಿಲ್ಲ. ಅಗಲವಾದ ಕಾರಿಡಾರು, ಬೆಂಕಿ ಬಿದ್ದಾಗ ಇಳಿಯಲು ಎರಡನೇ ಮೆಟ್ಟಿಲು, ಇವೆಲ್ಲ ದುಡ್ಡು ಕೊಟ್ಟು ಕಟ್ಟಿಸಬೇಕಾದವು. ಆ ದುಡ್ಡನ್ನು ಅಲ್ಲಿ ವಾಸಿಸುವವರೇ ಕೊಡಬೇಕು. ನನ್ನ ತಕರಾರು ಇರುವುದು ಬೇರೆ ಕಡೆ. ಕಾರ್ಪೆಟ್ ಏರಿಯಾಕ್ಕೆ ಕಾಯ್ದೆಯಲ್ಲಿ ಅರ್ಥ ಇದೆ, ಸೂಪರ್ ಬಿಲ್ಟ್‌ಅಪ್‌ಗೆ ಅಲ್ಲಿ ಅರ್ಥವೇ ಇಲ್ಲ. ಕಾರ್ಪೆಟ್ಟನ್ನು ಒಂದು ಟೇಪು ಹಿಡಿದು ಯಾರು ಬೇಕಾದರೂ ಅಳೆಯಬಹುದು. ಸೂಪರ್ ಬಿಲ್ಟ್‌ಅಪ್ಪನ್ನು ಅಳೆಯಲು ಇಡೀ ಕಟ್ಟಡದ ನಕ್ಷೆ ಬೇಕು. ಅದರಲ್ಲಿ ಯಾವುದು ಸೇರಬೇಕು, ಯಾವುದು ಸೇರಬಾರದು ಎಂಬುದನ್ನು ಮಾರುವವನೇ ತೀರ್ಮಾನಿಸುತ್ತಾನೆ. ಹೀಗೆ ಒಬ್ಬರೇ ತೀರ್ಮಾನಿಸಿದ ಅಂಕಿಯನ್ನು ಚದರ ಅಡಿಯ ದರದಿಂದ ಗುಣಿಸಿ ನಾವು ಜೀವಮಾನದ ಸಾಲ ಮಾಡುತ್ತೇವೆ.

ಲೋಡಿಂಗ್ ಎಷ್ಟು ಎಂದು ಕೇಳಿದಾಗ ಬರುವ ಉತ್ತರವನ್ನೂ ಜಾಗರೂಕತೆಯಿಂದ ಕೇಳಿಸಿಕೊಳ್ಳಬೇಕು. ನಮ್ಮ ಫ್ಲ್ಯಾಟಿನ 280 ಅಡಿಯನ್ನೇ ತೆಗೆದುಕೊಳ್ಳಿ. ಅದನ್ನು 1,120ರಿಂದ ಭಾಗಿಸಿದರೆ ಲೋಡಿಂಗ್ ಶೇ 25. ಅದೇ 280ನ್ನು 840ರಿಂದ ಭಾಗಿಸಿದರೆ ಶೇ 33. ಕಾರ್ಪೆಟ್ಟಿನ ಮೇಲೆ ಒಟ್ಟು ಎಷ್ಟು ಹೇರಿದ್ದಾರೆ ಎಂದು ನೋಡಿದರೆ 710ರ ಮೇಲೆ 410, ಅಂದರೆ ಸುಮಾರು ಶೇ 58. ಮೂರೂ ಸರಿಯಾದ ಲೆಕ್ಕಗಳೇ. ಮಾರಾಟದ ಕಚೇರಿಯಲ್ಲಿ ಕೇಳಸಿಗುವುದು ಸಾಮಾನ್ಯವಾಗಿ ಮೊದಲನೆಯದು.

"ಕಾರ್ಪೆಟ್ ಎಷ್ಟು ಬರುತ್ತೆ?" ಎಂದರೆ, "ಸೆವೆಂಟಿ ಪರ್ಸೆಂಟ್ ಬರುತ್ತೆ ಮೇಡಂ, ನಮ್ಮದು ಒಳ್ಳೇ ಎಫಿಶಿಯೆನ್ಸಿ" ಎಂಬ ಉತ್ತರವೂ ಸಿಗಬಹುದು. 1,120ಕ್ಕೆ 710 ಎಂದರೆ ಶೇ 63 ಮಾತ್ರ. ಹಾಗಾದರೆ ಎಪ್ಪತ್ತು ಎಲ್ಲಿಂದ ಬಂತು? ಬಾಲ್ಕನಿ, ಯುಟಿಲಿಟಿಯ 78 ಅಡಿಯನ್ನು 710ಕ್ಕೆ ಕೂಡಿಸಿ ನೋಡಿ, 788 ಆಗುತ್ತದೆ. ಅದು 1,120ರ ಶೇ 70. ಬಾಲ್ಕನಿ ಉಪಯೋಗವಿಲ್ಲದ ಜಾಗ ಎಂದು ನಾನು ಹೇಳುತ್ತಿಲ್ಲ, ನಮ್ಮ ಮನೆಗಳಲ್ಲಿ ಅರ್ಧ ಸಂಸಾರ ಯುಟಿಲಿಟಿಯಲ್ಲೇ ನಡೆಯುತ್ತದೆ. ಆದರೆ ಕಾಯ್ದೆ ಅದನ್ನು ಕಾರ್ಪೆಟ್ ಎನ್ನುವುದಿಲ್ಲ. ಬೇರೆಯಾಗಿಯೇ ತೋರಿಸಬೇಕು ಎನ್ನುತ್ತದೆ. ಗಾಜು ಹಾಕಿಸಿ ಬಾಲ್ಕನಿ ಮುಚ್ಚಿದರೂ ಅದು ಕಾರ್ಪೆಟ್ ಆಗುವುದಿಲ್ಲ. ಹಾಗಾಗಿ "ಬಾಲ್ಕನಿ, ಯುಟಿಲಿಟಿ ಬಿಟ್ಟು ರೇರಾ ಕಾರ್ಪೆಟ್ ಎಷ್ಟು?" ಎಂದೇ ಕೇಳಬೇಕು. ಹಾಗೆ ಕೇಳಿದರೆ ಉತ್ತರ ಜಾರುವುದಕ್ಕೆ ದಾರಿ ಇರುವುದಿಲ್ಲ.

ಈಗ 280ರ ಒಳಗೆ ಇಳಿಯೋಣ. ಮಾರುವವರು ಹೇಳಿದಷ್ಟು ಸಾಮಾನ್ಯ ಜಾಗ ಕಟ್ಟಡದಲ್ಲಿ ನಿಜವಾಗಿ ಇದೆಯೇ ಎಂದು ನೋಡುವ ಲೆಕ್ಕ ಇದು. ಫ್ಲ್ಯಾಟ್ ಕೊಳ್ಳುವವರಲ್ಲಿ ಇದನ್ನು ಮಾಡುವವರು ತೀರಾ ಕಡಿಮೆ. ಕಷ್ಟದ್ದೇನೂ ಅಲ್ಲ. ನಮ್ಮ ಕಟ್ಟಡದಲ್ಲಿ ಕೆಳಗೆ ಕಾರು ನಿಲ್ಲಿಸುವ ಸ್ಟಿಲ್ಟ್, ಮೇಲೆ ಐದು ಮಹಡಿ, ಮಹಡಿಗೆ ಎಂಟು ಫ್ಲ್ಯಾಟು. ಒಟ್ಟು 40 ಫ್ಲ್ಯಾಟುಗಳು, ಲೆಕ್ಕದ ಸುಲಭಕ್ಕೆ ಎಲ್ಲವೂ ಒಂದೇ ಅಳತೆಯವು ಎಂದಿಟ್ಟುಕೊಳ್ಳಿ. ಮಂಜೂರಾದ ನಕ್ಷೆಯಲ್ಲಿ ಕಾರಿಡಾರು ಆರಡಿ ಅಗಲ, 90 ಅಡಿ ಉದ್ದ, ಅಂದರೆ 540 ಚದರ ಅಡಿ. ಎರಡು ಲಿಫ್ಟು ಮತ್ತು ಅವುಗಳ ಮುಂದಿನ ಜಾಗ 150. ಎರಡು ಮೆಟ್ಟಿಲು 320. ಮಹಡಿಗೆ 1,010, ಐದು ಮಹಡಿಗೆ 5,050. ಕೆಳಗಿನ ಲಾಬಿ 500, ಕ್ಲಬ್‌ಹೌಸು 1,500, ಸೆಕ್ಯುರಿಟಿ ಕೋಣೆ, ಪ್ಯಾನೆಲ್ ಕೋಣೆ, ಟ್ಯಾಂಕು ಮುಂತಾದವು 950. ಎಲ್ಲ ಕೂಡಿ 8,000 ಚದರ ಅಡಿ. ನಲವತ್ತರಿಂದ ಭಾಗಿಸಿದರೆ ಒಂದು ಫ್ಲ್ಯಾಟಿಗೆ 200.

ಬ್ರೋಷರು ಹೇರಿದ್ದು 280. ಉಳಿದ 80 ಚದರ ಅಡಿ ಕಟ್ಟಡದಲ್ಲಿ ಎಲ್ಲೂ ಇಲ್ಲ. ಅದು ಇಟ್ಟಿಗೆ, ಸಿಮೆಂಟು ಕಾಣದ ಜಾಗ, ಕಾಗದದ ಮೇಲೆ ಮಾತ್ರ ಇರುವ ಜಾಗ. ಆದರೂ ಚದರ ಅಡಿಗೆ ₹7,500ರಂತೆ ಅದಕ್ಕೆ ತೆರುವ ಬೆಲೆ ₹6 ಲಕ್ಷ.

ಇದು ಹೇಗೆ ಆಗುತ್ತದೆ ಎಂಬುದಕ್ಕೆ ಕಾರಣ ಸರಳ. ಅನೇಕ ಕಡೆ ಯಾರೂ ಕಾರಿಡಾರನ್ನು ಅಳೆದು ಹಂಚುವುದಿಲ್ಲ. "ನಮ್ಮ ಏರಿಯಾದಲ್ಲಿ ಎಲ್ಲರೂ ಇಪ್ಪತ್ತೈದು ಹಾಕುತ್ತಾರೆ" ಎಂದು ಒಂದು ಶೇಕಡಾವಾರು ಅಂಕಿಯನ್ನು ಹಿಡಿದು ಬಿಲ್ಟ್‌ಅಪ್ ಮೇಲೆ ಹೇರಿಬಿಡುತ್ತಾರೆ. ಇಪ್ಪತ್ತು ಮಹಡಿಯ ಗೋಪುರಕ್ಕೆ ನಾಲ್ಕು ಲಿಫ್ಟು, ಬೆಂಕಿ ಬಿದ್ದಾಗ ಜನ ಸೇರಲು ಆಶ್ರಯದ ಜಾಗ, ದೊಡ್ಡ ದೊಡ್ಡ ಡಕ್ಟುಗಳು ಬೇಕು. ಅಲ್ಲಿ ಆ ಅಂಕಿಗೆ ಆಧಾರ ಇದ್ದೀತು. ಒಂದೇ ಲಿಫ್ಟು, ಒಂದೇ ಮೆಟ್ಟಿಲಿನ, ಕ್ಲಬ್‌ಹೌಸಿನ ಸುಳಿವೂ ಇಲ್ಲದ ನಾಲ್ಕು ಮಹಡಿಯ ಕಟ್ಟಡಕ್ಕೂ ಅದೇ ಇಪ್ಪತ್ತೈದನ್ನು ಹಾಕಿದಾಗ ಇಲ್ಲದ ಜಾಗ ಹುಟ್ಟುತ್ತದೆ. ಕೆಲವು ಕಡೆ ಕಾರು ನಿಲ್ಲಿಸುವ ಜಾಗವನ್ನು ಲೋಡಿಂಗಿನಲ್ಲೂ ಸೇರಿಸಿ, ಬೆಲೆಪಟ್ಟಿಯಲ್ಲಿ "ಕವರ್ಡ್ ಪಾರ್ಕಿಂಗ್" ಎಂದು ಮತ್ತೊಮ್ಮೆ ಲಕ್ಷಗಟ್ಟಲೆ ಬರೆಯುವುದೂ ಉಂಟು. ಒಂದೇ ಜಾಗಕ್ಕೆ ಎರಡು ಸಲ ದುಡ್ಡು ಕೇಳುತ್ತಿದ್ದಾರೆಯೇ ಎಂದು ತಿಳಿಯಲು ಲೋಡಿಂಗಿನಲ್ಲಿ ಏನೇನು ಸೇರಿದೆ ಎಂಬ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ತೆರೆದ ಬಯಲಿನ ಪಾರ್ಕಿಂಗಂತೂ ಕಾಯ್ದೆಯ ಪ್ರಕಾರ ಸಾಮಾನ್ಯ ಜಾಗ. ಅದನ್ನು ಒಬ್ಬರಿಗೆ ಮಾರುವಂತೆಯೇ ಇಲ್ಲ.

ಪಟ್ಟಿ ಕೊಡದಿದ್ದರೆ ಒಂದು ಒರಟು ಪರೀಕ್ಷೆ ಇದೆ. ಎಲ್ಲ ಫ್ಲ್ಯಾಟುಗಳ ಸೂಪರ್ ಬಿಲ್ಟ್‌ಅಪ್ ಕೂಡಿ ನೋಡಿ. ನಮ್ಮಲ್ಲಿ 40 ಗುಣಿಸು 1,120, ಅಂದರೆ 44,800. ಮಂಜೂರಾದ ನಕ್ಷೆಯಲ್ಲಿ ಕಾರು ನಿಲ್ಲಿಸುವ ಜಾಗ ಬಿಟ್ಟು ಒಟ್ಟು ಎಷ್ಟು ಕಟ್ಟುತ್ತಾರೆ ಎಂದು ಬರೆದಿರುತ್ತದೆ. ಇಲ್ಲಿ ಅದು 41,600. ಕಟ್ಟುವುದಕ್ಕಿಂತ 3,200 ಚದರ ಅಡಿ ಹೆಚ್ಚು ಮಾರುತ್ತಿದ್ದಾರೆ ಎಂದಾಯಿತು. ನಕ್ಷೆಯ ಅಂಕಿ ಚದರ ಮೀಟರಿನಲ್ಲಿದ್ದರೆ 10.764ರಿಂದ ಗುಣಿಸಿದರೆ ಚದರ ಅಡಿ ಸಿಗುತ್ತದೆ. ಬಾಲ್ಕನಿಯಂಥವನ್ನು ನಕ್ಷೆಯಲ್ಲಿ ಬೇರೆ ಬೇರೆ ರೀತಿ ಲೆಕ್ಕ ಹಿಡಿಯುವುದರಿಂದ ಒಂದಿಷ್ಟು ಆಚೀಚೆ ಆಗಬಹುದು, ನೂರಿನ್ನೂರು ಅಡಿಗೆ ಜಗಳ ತೆಗೆಯಬೇಕಿಲ್ಲ. ಸಾವಿರಗಳಲ್ಲಿ ವ್ಯತ್ಯಾಸ ಬಂದರೆ ಕೇಳಲೇಬೇಕು.

ಇಷ್ಟೆಲ್ಲ ತಿಳಿದ ಮೇಲೆ ಎರಡು ಬ್ರೋಷರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ನಮ್ಮದೇ: 1,120 ಚದರ ಅಡಿ, ₹7,500 ದರ, ಒಟ್ಟು ₹84 ಲಕ್ಷ. ಪಕ್ಕದ ರಸ್ತೆಯ ಇನ್ನೊಂದು ಕಟ್ಟಡದಲ್ಲಿ 1,050 ಚದರ ಅಡಿ, ದರ ₹7,900, ಒಟ್ಟು ₹82.95 ಲಕ್ಷ. ಎರಡನೆಯದು ಚಿಕ್ಕದು, ದರವೂ ಜಾಸ್ತಿ ಎಂದು ಮೊದಲನೆಯದಕ್ಕೇ ಮುಂಗಡ ಕೊಟ್ಟು ಬರುವವರೇ ಹೆಚ್ಚು. ಈಗ ಕಾರ್ಪೆಟ್ ನೋಡಿ. ಎರಡನೆಯದರ ರೇರಾ ಕಾರ್ಪೆಟ್ 730, ಅಂದರೆ ಮೊದಲನೆಯದಕ್ಕಿಂತ 20 ಅಡಿ ಹೆಚ್ಚು. ಒಟ್ಟು ಬೆಲೆಯನ್ನು ಕಾರ್ಪೆಟ್ಟಿನಿಂದ ಭಾಗಿಸಿದರೆ ಮೊದಲನೆಯದರಲ್ಲಿ ಒಳನೆಲದ ಒಂದು ಚದರ ಅಡಿಗೆ ₹11,831 ಬೀಳುತ್ತದೆ, ಎರಡನೆಯದರಲ್ಲಿ ₹11,363. ಚಿಕ್ಕದೆಂದು ತೋರಿದ್ದು ಒಳಗೆ ದೊಡ್ಡದು, ದುಬಾರಿ ಎಂದು ತೋರಿದ್ದು ಅಗ್ಗ. ಬಾಲ್ಕನಿ ಮಾತ್ರ ಅಲ್ಲಿ 60 ಅಡಿ, ಇಲ್ಲಿಗಿಂತ ಚಿಕ್ಕದು. ಬಟ್ಟೆ ಒಣಗಿಸಲು, ಗಿಡ ಇಡಲು ಜಾಗ ಬೇಕೆನ್ನುವವರು ಅದನ್ನೂ ತೂಗಿ ನೋಡಬೇಕು. ಈ ಭಾಗಾಕಾರಕ್ಕೆ ಪಾರ್ಕಿಂಗ್, ಕ್ಲಬ್ ಸದಸ್ಯತ್ವ, ನೀರು-ವಿದ್ಯುತ್ ಸಂಪರ್ಕದ ಶುಲ್ಕ ಎಲ್ಲ ಸೇರಿದ ಒಟ್ಟು ಮೊತ್ತವನ್ನೇ ಹಿಡಿಯಬೇಕು. ಒಂದು ಕಡೆ ಅವು ದರದೊಳಗೇ ಇರುತ್ತವೆ, ಇನ್ನೊಂದು ಕಡೆ ಹೊರಗಿರುತ್ತವೆ.

ಸೂಪರ್ ಬಿಲ್ಟ್‌ಅಪ್ಪಿನ ಲೆಕ್ಕ ತಪ್ಪಿದೆ ಎಂದು ತೋರಿಸಿಕೊಟ್ಟ ತಕ್ಷಣ ಬೆಲೆ ಇಳಿಯುತ್ತದೆ ಎಂದು ತಿಳಿಯಬೇಡಿ. ಬೆಲೆ ಎಷ್ಟಿರಬೇಕೆಂದು ಕಾಯ್ದೆ ಹೇಳುವುದಿಲ್ಲ. 80 ಅಡಿ ತೆಗೆದು, ದರ ಏರಿಸಿ, ಅದೇ ₹84 ಲಕ್ಷಕ್ಕೆ ತಂದು ನಿಲ್ಲಿಸಬಹುದು. ಹಾಗೆ ಮಾಡಿದರೂ ಒಂದು ಲಾಭವಿದೆ, ದರ ನಿಜವಾಗಿ ಎಷ್ಟು ಎಂದು ಕಾಣುತ್ತದೆ, ಪಕ್ಕದ ಕಟ್ಟಡದ ಜತೆ ಇಟ್ಟು ನೋಡಬಹುದು, ಚೌಕಾಸಿಗೆ ಹಿಡಿತ ಸಿಗುತ್ತದೆ.

ಕಾಯ್ದೆ ಮಾಡಿರುವ ದೊಡ್ಡ ಕೆಲಸ ಎಂದರೆ ಕಾರ್ಪೆಟ್ಟನ್ನು ಬಚ್ಚಿಡಲು ಆಗದಂತೆ ಮಾಡಿದ್ದು. 2017ರ ಮೇ 1ರಿಂದ ಅದು ಪೂರ್ಣವಾಗಿ ಜಾರಿಯಲ್ಲಿದೆ. ಕರ್ನಾಟಕದ ನಿಯಮಗಳು ಅದೇ ವರ್ಷ ಜುಲೈನಲ್ಲಿ ಬಂದವು. ಯೋಜನೆಯನ್ನು ನೋಂದಾಯಿಸುವಾಗ ಪ್ರತಿ ಬಗೆಯ ಫ್ಲ್ಯಾಟಿನ ಕಾರ್ಪೆಟ್ ಏರಿಯಾ ಎಷ್ಟು, ಬಾಲ್ಕನಿ ಎಷ್ಟು, ತೆರೆದ ಟೆರೇಸ್ ಎಷ್ಟು ಎಂದು ಬಿಲ್ಡರ್ ಬೇರೆ ಬೇರೆಯಾಗಿ ಘೋಷಿಸಲೇಬೇಕು. ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಇರಬೇಕು. ಆ ಸಂಖ್ಯೆಯನ್ನೋ ಯೋಜನೆಯ ಹೆಸರನ್ನೋ rera.karnataka.gov.in ತಾಣದಲ್ಲಿ ಹುಡುಕಿದರೆ ಬಿಲ್ಡರ್ ಸರ್ಕಾರಕ್ಕೆ ಕೊಟ್ಟ ಅಂಕಿ ಸಿಗುತ್ತದೆ. ಅಲ್ಲಿ ಚದರ ಮೀಟರಿನಲ್ಲಿದ್ದರೆ ನಮ್ಮ 710 ಅಡಿ 65.96 ಎಂದು ಕಾಣಿಸುತ್ತದೆ. ಬ್ರೋಷರಿನ ಅಂಕಿಗೂ ಅಲ್ಲಿನ ಅಂಕಿಗೂ ಹೊಂದದಿದ್ದರೆ, ನಂಬಬೇಕಾದದ್ದು ಘೋಷಿಸಿದ್ದನ್ನೇ. ಬ್ರೋಷರಿಗೂ ಬೆಲೆಯಿಲ್ಲ ಎಂದಲ್ಲ. ಜಾಹೀರಾತಿನ ಅಥವಾ ಮಾದರಿ ಫ್ಲ್ಯಾಟಿನ ಸುಳ್ಳು ವಿವರ ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು, ಅವರು ಯೋಜನೆಯಿಂದ ಹೊರಬರಲು ಬಯಸಿದರೆ ಹಣವನ್ನು ಬಡ್ಡಿ ಸಮೇತ ಮರಳಿಸಬೇಕು ಎಂದು 12ನೇ ಕಲಮು ಹೇಳುತ್ತದೆ. ಆದ್ದರಿಂದ ಆ ಕಾಗದವನ್ನು ಗೃಹಪ್ರವೇಶ ಮುಗಿದ ಮೇಲೂ ಎಸೆಯಬಾರದು.

ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವ ಮೊದಲು ಬಿಲ್ಡರ್ ಮಾರಾಟ ಕರಾರು ಬರೆದು ನೋಂದಾಯಿಸಬೇಕು. ನೋಡಬೇಕಾದ ಮುಖ್ಯ ಪುಟ ಅದರಲ್ಲಿ ಒಂದಿದೆ. ಕರ್ನಾಟಕದ ನಿಯಮಗಳ ಜತೆಗಿರುವ ಮಾದರಿ ಕರಾರಿನ ಪ್ರಕಾರ, ಕಟ್ಟಡ ಮುಗಿದು ಒಸಿ ಬಂದ ಮೇಲೆ ಬಿಲ್ಡರ್ ಅಂತಿಮ ಕಾರ್ಪೆಟ್ ಏರಿಯಾವನ್ನು ಖಚಿತಪಡಿಸಬೇಕು. ಒಪ್ಪಿದ್ದಕ್ಕಿಂತ ಕಡಿಮೆ ಬಂದರೆ ಹೆಚ್ಚಾಗಿ ಪಡೆದ ಹಣವನ್ನು ಬಡ್ಡಿ ಸೇರಿಸಿ 45 ದಿನದೊಳಗೆ ಹಿಂದಿರುಗಿಸಬೇಕು. ಹೆಚ್ಚು ಬಂದರೆ ಶೇ 3ರವರೆಗಿನ ಹೆಚ್ಚಳಕ್ಕೆ ಮಾತ್ರ ಹಣ ಕೇಳಬಹುದು. ಈ ರಕ್ಷಣೆ ಇರುವುದು ಕಾರ್ಪೆಟ್ಟಿಗೆ. ಕರಾರಿನಲ್ಲಿ ಸೂಪರ್ ಬಿಲ್ಟ್‌ಅಪ್ ಮಾತ್ರ ಬರೆದು ಕಾರ್ಪೆಟ್ ಬಿಟ್ಟರೆ, ನಾಳೆ ಬೆಡ್‌ರೂಮು ಅರ್ಧ ಅಡಿ ಕಿರಿದಾದಾಗ ಯಾವ ಅಂಕಿಯ ಜತೆ ಹೋಲಿಸಿ ಕೇಳುತ್ತೀರಿ? ಕಾರ್ಪೆಟ್ ಎಷ್ಟು, ಬಾಲ್ಕನಿ ಎಷ್ಟು ಎಂದು ಬೇರೆ ಬೇರೆ ಅಂಕಿಯಾಗಿ, ಅಳತೆ ಬರೆದ ನಕ್ಷೆಯ ಜತೆಗೆ ಕರಾರಿನಲ್ಲಿ ಇದೆಯೇ ಎಂದು ನೋಡಿ ಆಮೇಲೆ ಸಹಿ ಹಾಕಬೇಕು.

ಕಾಯ್ದೆ ಕಾರ್ಪೆಟ್ಟನ್ನು ಮುಂದೆ ತಂದಿದ್ದರೂ ನಮ್ಮಲ್ಲಿ ಸೂಪರ್ ಬಿಲ್ಟ್‌ಅಪ್ ಸುಲಭಕ್ಕೆ ಹೋಗುವಂತಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ ಅಪಾರ್ಟ್‌ಮೆಂಟುಗಳಿಗೆ ಸೂಪರ್ ಬಿಲ್ಟ್‌ಅಪ್ ಮೇಲೆಯೇ ಇದೆ, ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಅದು ಬೇಕು. ಬಹುತೇಕ ಸಂಘಗಳು ತಿಂಗಳ ಮೇಂಟೆನೆನ್ಸ್ ಹಾಕುವುದೂ ಅದರ ಮೇಲೆಯೇ. ಚದರ ಅಡಿಗೆ ₹4 ಎಂದರೆ ನಮ್ಮ ಫ್ಲ್ಯಾಟಿಗೆ ₹4,480. ಸಾಮಾನ್ಯ ಜಾಗ ನಿಜವಾಗಿ ದೊಡ್ಡದಿದ್ದರೆ ಅದನ್ನು ಗುಡಿಸಲು, ದೀಪ ಹಚ್ಚಲು, ಲಿಫ್ಟು ನೋಡಿಕೊಳ್ಳಲು ಆಗುವ ಖರ್ಚೂ ದೊಡ್ಡದು. ಹೀಗಾಗಿ ಲೋಡಿಂಗ್ ಹೆಚ್ಚಿರುವ ಕಟ್ಟಡದಲ್ಲಿ ಒಂದು ಸಲ ಕೊಟ್ಟು ಮುಗಿಯುವುದಿಲ್ಲ, ಅಲ್ಲಿರುವಷ್ಟು ಕಾಲ ಕೊಡಬೇಕು. ಜಮೀನಿನ ಅವಿಭಜಿತ ಪಾಲು, ಯುಡಿಎಸ್ ಎನ್ನುತ್ತಾರಲ್ಲ, ಅದನ್ನೂ ಸಾಮಾನ್ಯವಾಗಿ ಫ್ಲ್ಯಾಟಿನ ಗಾತ್ರಕ್ಕೆ ತಕ್ಕಂತೆ ಹಂಚುತ್ತಾರೆ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಲೋಡಿಂಗ್ ಹಾಕಿದ್ದರೆ ಪಾಲು ಬದಲಾಗುವುದಿಲ್ಲ. ಕೆಲವು ಫ್ಲ್ಯಾಟುಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಹಾಕಿದಾಗ ಬದಲಾಗುತ್ತದೆ. ಅದಕ್ಕೇ ಯುಡಿಎಸ್ ಅಂಕಿಯನ್ನು ಕ್ರಯಪತ್ರದಲ್ಲಿ ಪ್ರತ್ಯೇಕವಾಗಿ ನೋಡಬೇಕು.

ರೇರಾ ತಲುಪದ ಕಟ್ಟಡಗಳೂ ನಮ್ಮ ಊರುಗಳಲ್ಲಿ ಬಹಳ ಇವೆ. ಜಮೀನು 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟುಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಎಂದರೆ ಸುಮಾರು 5,382 ಚದರ ಅಡಿ. 60-80ರ ಸೈಟು 4,800 ಅಡಿ, ಆ ಮಿತಿಯೊಳಗೇ ಬೀಳುತ್ತದೆ. ಬಡಾವಣೆಗಳ ಒಳರಸ್ತೆಗಳಲ್ಲಿ ಇಂಥ ಸೈಟಿನ ಮೇಲೆ ಏಳುವ ಚಿಕ್ಕ ಅಪಾರ್ಟ್‌ಮೆಂಟುಗಳಿಗೆ ಜಾಲತಾಣದಲ್ಲಿ ನೋಡಬಹುದಾದ ಘೋಷಣೆ ಇಲ್ಲದೆ ಇರಬಹುದು. ಮರುಮಾರಾಟಕ್ಕೆ ಬಂದ ಹಳೆಯ ಫ್ಲ್ಯಾಟುಗಳ ಕ್ರಯಪತ್ರದಲ್ಲಿ ಸೂಪರ್ ಬಿಲ್ಟ್‌ಅಪ್ ಒಂದೇ ಇರುವುದು ಸಾಮಾನ್ಯ. ಎರಡೂ ಕಡೆ ಉಳಿದಿರುವ ದಾರಿ ಸ್ವತಃ ಅಳೆಯುವುದು.

ಅಳೆಯುವಾಗ ಗಿಲಾವಿನಿಂದ ಗಿಲಾವಿಗೆ, ನೆಲದಂಚಿನ ಟೈಲ್ಸ್ ಪಟ್ಟಿಯ ಮೇಲ್ಭಾಗದಲ್ಲಿ ಟೇಪು ಹಿಡಿಯಬೇಕು. ಬ್ರೋಷರಿನ ನಕ್ಷೆಗಳಲ್ಲಿ ಕೆಲವೊಮ್ಮೆ ಗಿಲಾವಿಗೆ ಮುಂಚಿನ ಅಳತೆ ಇರುತ್ತದೆ, ಹಾಗಾಗಿ ಹನ್ನೊಂದು ಅಡಿಯ ಕೋಣೆ ಒಂದಂಗುಲ ಕಡಿಮೆ ಬಂದರೆ ಗಾಬರಿ ಬೇಡ, ನಾಲ್ಕಂಗುಲ ಕಡಿಮೆ ಬಂದರೆ ಕೇಳಿ. ಹಾಲ್ ಎಲ್ ಆಕಾರದಲ್ಲಿದ್ದರೆ ಎರಡು ಆಯತ ಮಾಡಿ ಬೇರೆ ಬೇರೆ ಗುಣಿಸಿ. ಬಚ್ಚಲುಮನೆಯ ಮೂಲೆಯಲ್ಲಿ ಗೋಡೆ ಉಬ್ಬಿಕೊಂಡಿದ್ದು ಅದರ ಹಿಂದೆ ಪೈಪಿನ ಡಕ್ಟ್ ಇದ್ದರೆ ಆ ಜಾಗವನ್ನು ಕಳೆಯಬೇಕು. ಒಳಗೋಡೆಯ ದಪ್ಪ ತಿಳಿಯಲು ಬಾಗಿಲಿನ ಚೌಕಟ್ಟಿನ ಬಳಿ ಅಳೆದರೆ ಸಾಕು, ಅದನ್ನು ಗೋಡೆಗಳ ಒಟ್ಟು ಉದ್ದದಿಂದ ಗುಣಿಸಿ ಕೊನೆಗೆ ಕೂಡಿಸಿ. ಬಾಲ್ಕನಿ, ಯುಟಿಲಿಟಿಯನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಒಬ್ಬರು ಟೇಪು ಹಿಡಿದು ಇನ್ನೊಬ್ಬರು ಬರೆದುಕೊಂಡರೆ ಎರಡು ಬೆಡ್‌ರೂಮಿನ ಮನೆಗೆ ಅರ್ಧ ಗಂಟೆಯ ಕೆಲಸ. ಮಾರುವವರು ಹೇಳಿದ ಒಟ್ಟು ಬೆಲೆಯನ್ನು ಆ ಅಂಕಿಯಿಂದ ಅಲ್ಲೇ ಭಾಗಿಸಿ ಬರೆದಿಟ್ಟುಕೊಂಡು, ಆಮೇಲೆ ಮುಂದಿನ ಮನೆ ನೋಡಲು ಹೋಗಿ.